ಖಾರದ ಪೊಟ್ಟಣದ ಹಿಂಬದಿ: ನೂರು ಗ್ರಾಂ, ಒಂದು ಸರ್ವಿಂಗ್ ಮತ್ತು ನಾವು ತಿಂದದ್ದು

ದಾವಣಗೆರೆಯ ಮನೆಗಳಲ್ಲಿ ಸಂಜೆ ಚಹಾದ ಹೊತ್ತಿಗೆ ಮಂಡಕ್ಕಿಗೆ ಖಾರ, ಅಂದರೆ ಕರಿದ ಮಿಕ್ಸ್‌ಚರ್ ಬೆರೆಸಿ, ಮೇಲೆ ಈರುಳ್ಳಿ ಹೆಚ್ಚಿ ಹಾಕಿಕೊಂಡು ತಿನ್ನುವುದು ವಾಡಿಕೆ. ಮಂಡಕ್ಕಿ ಬಹುಪಾಲು ಚೀಲದಿಂದ ಅಳೆದು ಕೊಡುವಂಥದ್ದು. ಖಾರವನ್ನು ಮಾತ್ರ ಈಗ ಹೆಚ್ಚಿನವರು ಪೊಟ್ಟಣದಲ್ಲಿ ಕೊಳ್ಳುತ್ತಾರೆ ಮತ್ತು ಆ ಪೊಟ್ಟಣದ ಹಿಂಬದಿಯಲ್ಲಿ ಪೋಷಕಾಂಶಗಳ ಒಂದು ಪಟ್ಟಿ ಇರುತ್ತದೆ. ರಕ್ತದೊತ್ತಡ ಇರುವವರು, ತೂಕ ಇಳಿಸಬೇಕೆಂದು ವೈದ್ಯರಿಂದ ಹೇಳಿಸಿಕೊಂಡವರು ಆ ಪಟ್ಟಿಯನ್ನು ನೋಡುತ್ತಾರೆ, ಆದರೆ ನೋಡಿದ ಅನೇಕರು ಅದನ್ನು ತಪ್ಪಾಗಿ ಓದುತ್ತಾರೆ. ಓದುಗರ ಅಜಾಗರೂಕತೆಗಿಂತ ಪಟ್ಟಿಯ ರಚನೆಯೇ ಇದಕ್ಕೆ ಹೆಚ್ಚು ಕಾರಣ ಎಂಬುದು ನನ್ನ ಅಭಿಪ್ರಾಯ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ, ಶಕ್ತಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಸಕ್ಕರೆ, ಕೊಬ್ಬು, ಸೋಡಿಯಂ ಮೊದಲಾದವುಗಳ ಪ್ರಮಾಣವನ್ನು ಸಾಮಾನ್ಯವಾಗಿ 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಎಷ್ಟೆಂದು ಬರೆಯಬೇಕು. ಅದರ ಪಕ್ಕದಲ್ಲಿ ಬರುವ ಶೇಕಡಾವಾರು ಅಂಕಣವನ್ನು ಮಾತ್ರ ಒಂದು ಸರ್ವಿಂಗ್‌ಗೆ ಲೆಕ್ಕ ಹಾಕಿರುತ್ತಾರೆ. ದಿನವೊಂದಕ್ಕೆ ಶಿಫಾರಸಾದ ಪ್ರಮಾಣದಲ್ಲಿ ಒಂದು ಸರ್ವಿಂಗ್ ಎಷ್ಟು ಪಾಲು ಎಂಬುದನ್ನು ಅದು ಹೇಳುತ್ತದೆ. ಹೀಗಾಗಿ ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತ ಎರಡು ಅಂಕಿಗಳು ಎರಡು ಬೇರೆ ತೂಕಗಳಿಗೆ ಸೇರಿದವು. ಸೋಡಿಯಂ ಸಾಲಿನಲ್ಲಿ 900 ಮಿಲಿಗ್ರಾಂ, ಅದರ ಮುಂದೆ ಶೇ 13.5 ಎಂದಿದ್ದರೆ, 900 ಮಿಲಿಗ್ರಾಂ ಎಂದರೆ ದಿನದ ಶೇ 13.5 ಮಾತ್ರ ಎಂದು ಯಾರಿಗಾದರೂ ಅನಿಸುತ್ತದೆ. ವಾಸ್ತವದಲ್ಲಿ 900 ಮಿಲಿಗ್ರಾಂ ದಿನದ ಮಿತಿಯಾದ 2000 ಮಿಲಿಗ್ರಾಂನ ಶೇ 45ರಷ್ಟಾಗುತ್ತದೆ; ಶೇ 13.5 ಎಂಬುದು 30 ಗ್ರಾಂನ ಒಂದು ಸರ್ವಿಂಗ್‌ನ ಲೆಕ್ಕ.

ಆದ್ದರಿಂದ ಪಟ್ಟಿಯನ್ನು ಓದುವ ಮೊದಲು ಮೂರು ತೂಕಗಳನ್ನು ಹುಡುಕಿಕೊಳ್ಳಬೇಕು. ಒಂದು, ಅಂಕಣದ ತಲೆಯ ಮೇಲೆ ಇರುವ 100 ಗ್ರಾಂ. ಎರಡು, ಪಟ್ಟಿಯ ಮೇಲೋ ಕೆಳಗೋ ಸಣ್ಣ ಅಕ್ಷರದಲ್ಲಿ ಇರುವ ಸರ್ವಿಂಗ್ ಗಾತ್ರ. ಮೂರು, ಇಡೀ ಪೊಟ್ಟಣದ ನಿವ್ವಳ ತೂಕ. ಸರ್ವಿಂಗ್ ಗಾತ್ರವನ್ನು ತಯಾರಕರೇ ನಿಗದಿಪಡಿಸಿರುತ್ತಾರೆ; ಅದು ವೈದ್ಯರ ಸಲಹೆಯೂ ಅಲ್ಲ, ನೀವು ತಿನ್ನುವ ಪ್ರಮಾಣವೂ ಅಲ್ಲ.

ಈಗ ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡೋಣ. ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಅತ್ತಿಗೆಗೆ ರಕ್ತದೊತ್ತಡವಿದೆ. ಅವರ ಮನೆಗೆ ಬರುವಂಥ ಖಾರದ ಪೊಟ್ಟಣದ ನಿವ್ವಳ ತೂಕ 200 ಗ್ರಾಂ, ಸರ್ವಿಂಗ್ 30 ಗ್ರಾಂ ಎಂದಿರಲಿ. 100 ಗ್ರಾಂಗೆ ಶಕ್ತಿ 540 ಕಿಲೋಕ್ಯಾಲೊರಿ, ಒಟ್ಟು ಕೊಬ್ಬು 34 ಗ್ರಾಂ, ಸೋಡಿಯಂ 900 ಮಿಲಿಗ್ರಾಂ ಎಂದು ಬರೆದಿದೆ ಎಂದುಕೊಳ್ಳೋಣ. ಒಂದು ಸರ್ವಿಂಗ್‌ನಲ್ಲಿ 162 ಕಿಲೋಕ್ಯಾಲೊರಿ ಮತ್ತು 270 ಮಿಲಿಗ್ರಾಂ ಸೋಡಿಯಂ ಇರುತ್ತದೆ. ನೋಡಿದರೆ ಭಯಪಡುವಂಥದ್ದೇನೂ ಕಾಣುವುದಿಲ್ಲ. ಇಡೀ ಪೊಟ್ಟಣಕ್ಕೆ ಲೆಕ್ಕ ಹಾಕಿದರೆ ಅದೇ ಅಂಕಿಗಳು 1080 ಕಿಲೋಕ್ಯಾಲೊರಿ ಮತ್ತು 1800 ಮಿಲಿಗ್ರಾಂ ಆಗುತ್ತವೆ. ನಮಗೆ ಬೇಕಾದದ್ದು ಇವೆರಡೂ ಅಲ್ಲ, ಅತ್ತಿಗೆಯ ಹೊಟ್ಟೆಗೆ ಹೋದದ್ದೆಷ್ಟು ಎಂಬುದು.

ಅದನ್ನು ತಿಳಿಯಲು ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಮಂಡಕ್ಕಿಗೆ ಬೆರೆತ ಖಾರವನ್ನು ಮತ್ತೆ ಬೇರ್ಪಡಿಸಿ ತೂಗುವುದು ಆಗದ ಮಾತು. ಹಾಗಾಗಿ ತಟ್ಟೆಯನ್ನು ಬಿಟ್ಟು ಪೊಟ್ಟಣವನ್ನೇ ತೂಗಬೇಕು. ಬೆರೆಸುವ ಮೊದಲು ಪೊಟ್ಟಣ, ಕವರಿನ ತೂಕವೂ ಸೇರಿ, 206 ಗ್ರಾಂ ಇತ್ತು. ಇಬ್ಬರಿಗಾಗುವಷ್ಟು ಖಾರ ಸುರಿದ ಮೇಲೆ 66 ಗ್ರಾಂ ಉಳಿಯಿತು. ಅಂದರೆ ಬೋಗುಣಿಗೆ ಬಿದ್ದದ್ದು 140 ಗ್ರಾಂ. ಕವರಿನ ತೂಕ ಎರಡು ಸಲವೂ ಸೇರಿರುವುದರಿಂದ ಅದನ್ನು ಬೇರೆಯಾಗಿ ಕಳೆಯಬೇಕಿಲ್ಲ. ಅಣ್ಣ, ಅತ್ತಿಗೆ ಸಮನಾಗಿ ಹಂಚಿಕೊಂಡರೆ ತಲಾ 70 ಗ್ರಾಂ. ತಕ್ಕಡಿ ಇಲ್ಲದವರು 200 ಗ್ರಾಂನ ಹೊಸ ಪೊಟ್ಟಣವನ್ನು ದೊಡ್ಡ ತಟ್ಟೆಗೆ ಸುರಿದು ನಾಲ್ಕು ಸಮ ಗುಡ್ಡೆ ಮಾಡಿದರೆ ಒಂದೊಂದು ಗುಡ್ಡೆಯೂ ಸುಮಾರು 50 ಗ್ರಾಂ ಇರುತ್ತದೆ. ಕಣ್ಣಂದಾಜಿಗೆ ಅಷ್ಟು ಸಾಕು.

ಮುಂದಿನದು ಸರಳ ಗಣಿತ: 100 ಗ್ರಾಂ ಅಂಕಣದ ಅಂಕಿಯನ್ನು ತಿಂದ ಗ್ರಾಂಗಳಿಂದ ಗುಣಿಸಿ, 100ರಿಂದ ಭಾಗಿಸಬೇಕು. ಸೋಡಿಯಂ 900ನ್ನು 70ರಿಂದ ಗುಣಿಸಿ 100ರಿಂದ ಭಾಗಿಸಿದರೆ 630 ಮಿಲಿಗ್ರಾಂ. ಇದೇ ರೀತಿ ಶಕ್ತಿ 378 ಕಿಲೋಕ್ಯಾಲೊರಿ, ಕೊಬ್ಬು ಸುಮಾರು 24 ಗ್ರಾಂ ಆಗುತ್ತದೆ. ಲೇಬಲ್‌ನ ಶೇಕಡಾವಾರು ಲೆಕ್ಕಕ್ಕೆ ಆಧಾರವಾಗಿರುವ ದಿನದ ಪ್ರಮಾಣಗಳು 2000 ಕಿಲೋಕ್ಯಾಲೊರಿ ಶಕ್ತಿ, 67 ಗ್ರಾಂ ಕೊಬ್ಬು, 2000 ಮಿಲಿಗ್ರಾಂ ಸೋಡಿಯಂ. ಆ ಪ್ರಕಾರ ಅತ್ತಿಗೆ ಒಂದು ಸಂಜೆ ತಿಂದ ಖಾರದಲ್ಲಿ ದಿನದ ಸೋಡಿಯಂನ ಶೇ 31.5, ಕೊಬ್ಬಿನ ಶೇ 35ಕ್ಕೂ ಹೆಚ್ಚು ಪಾಲು ಇತ್ತು. ಲೇಬಲ್ ತೋರಿಸಿದ ಶೇ 13.5 ಸುಳ್ಳಲ್ಲ, ಆದರೆ ಅದು 30 ಗ್ರಾಂಗೆ ಸೇರಿದ್ದು. ಸೋಡಿಯಂ ಎಂದರೆ ಎಷ್ಟು ಉಪ್ಪು ಎಂದು ಕೇಳುವವರು ಅದನ್ನು ಎರಡೂವರೆಯಿಂದ ಗುಣಿಸಿಕೊಳ್ಳಬಹುದು; 630 ಮಿಲಿಗ್ರಾಂ ಸೋಡಿಯಂ ಸುಮಾರು 1.6 ಗ್ರಾಂ ಉಪ್ಪಿಗೆ ಸಮ.

ಈ ಲೆಕ್ಕಕ್ಕೆ ಸಿಗದೆ ಉಳಿಯುವುದೂ ಇದೆ. ಬಿಡಿಯಾಗಿ ಮಾರುವ ಮಂಡಕ್ಕಿಗೆ, ಅಂಗಡಿಯ ಬಿಸಿ ಮೆಣಸಿನಕಾಯಿ ಬಜ್ಜಿಗೆ, ಬೇಕರಿಯಲ್ಲಿ ತೂಗಿ ಕೊಡುವ ತಿನಿಸಿಗೆ ಪಟ್ಟಿ ಇರುವುದಿಲ್ಲ. ತೀರಾ ಸಣ್ಣ ಪೊಟ್ಟಣಗಳಿಗೂ ನಿಯಮದಲ್ಲಿ ವಿನಾಯಿತಿ ಇದೆ. ಭಟ್ಟಿಯಲ್ಲಿ ಅಕ್ಕಿಗೆ ಉಪ್ಪು ಬೆರೆಸಿ ಮಂಡಕ್ಕಿ ಮಾಡುವುದು ಸಾಮಾನ್ಯವಾದ್ದರಿಂದ, 630 ಎಂಬುದನ್ನು ಕನಿಷ್ಠ ಅಂಕಿ ಎಂದೇ ತಿಳಿಯಬೇಕು. 2000 ಕಿಲೋಕ್ಯಾಲೊರಿಯ ಆಧಾರವೂ ಮಕ್ಕಳಿಗೆ ಹೊಂದುವುದಿಲ್ಲ, ಮತ್ತು ವೈದ್ಯರು ಬೇರೆ ಮಿತಿ ಹೇಳಿದ್ದರೆ ಅದನ್ನೇ ಹಿಡಿಯಬೇಕು.

ಅಂಗಡಿಯಲ್ಲಿ ಎರಡು ಪೊಟ್ಟಣಗಳನ್ನು ಹೋಲಿಸುವಾಗ ಶೇಕಡಾವಾರು ಅಂಕಣವನ್ನು ಬಿಟ್ಟು 100 ಗ್ರಾಂ ಅಂಕಣವನ್ನೇ ನೋಡಬೇಕು. ಒಂದರ ಸರ್ವಿಂಗ್ 20 ಗ್ರಾಂ, ಸೋಡಿಯಂ ಶೇ 9. ಇನ್ನೊಂದರ ಸರ್ವಿಂಗ್ 30 ಗ್ರಾಂ, ಸೋಡಿಯಂ ಶೇ 11 ಎಂದಿದ್ದರೆ ಮೊದಲನೆಯದರಲ್ಲಿ ಉಪ್ಪು ಕಡಿಮೆ ಎಂದು ಕಾಣುತ್ತದೆ. 100 ಗ್ರಾಂಗೆ ತಂದು ನೋಡಿದರೆ ಮೊದಲನೆಯದರಲ್ಲಿ 900 ಮಿಲಿಗ್ರಾಂ, ಎರಡನೆಯದರಲ್ಲಿ ಸುಮಾರು 730 ಮಿಲಿಗ್ರಾಂ ಸೋಡಿಯಂ ಇರುತ್ತದೆ.

ಲೆಕ್ಕವನ್ನು ತಿರುಗಿಸಿಯೂ ಮಾಡಬಹುದು, ನಿತ್ಯ ಉಪಯೋಗಕ್ಕೆ ಇದೇ ಹೆಚ್ಚು ಅನುಕೂಲ. ಸಂಜೆಯ ಖಾರದಿಂದ 300 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಬೇಡ ಎಂದು ಅತ್ತಿಗೆ ತೀರ್ಮಾನಿಸಿದರು. 300ನ್ನು 100ರಿಂದ ಗುಣಿಸಿ 900ರಿಂದ ಭಾಗಿಸಿದಾಗ 33 ಗ್ರಾಂ ಬಂತು. ಈಗ ಅವರು ತಕ್ಕಡಿಯ ಮೇಲೆ ಪೊಟ್ಟಣವಿಟ್ಟು 33 ಗ್ರಾಂ ಕಡಿಮೆಯಾಗುವವರೆಗೆ ಮಾತ್ರ ಸುರಿದುಕೊಳ್ಳುತ್ತಾರೆ. ಅಷ್ಟಕ್ಕೆ ಮಂಡಕ್ಕಿ ಸಪ್ಪೆಯಾಗುವುದರಿಂದ ಹೆಚ್ಚಿದ ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ಸೇರಿಸಿ ನಿಂಬೆಹಣ್ಣು ಹಿಂಡಿಕೊಳ್ಳುತ್ತಾರೆ.