ಲಕ್ಕಿ ಡ್ರಾಗೆ ಮುಂಚೆ ನಾಲ್ಕು ನಿಮಿಷ: ನನ್ನ ಅನುಭವ

"ಡ್ರಾಗೆ ಮುಂಚೆ ಕೂಪನ್ ಲೆಕ್ಕ ಓದ್ತೀಯಾ? ಹುಡುಗರು ಕೂಗಿ ಕೂರಿಸ್ತಾರೆ ನೋಡು" ಅಂದಿದ್ದರು ಕಮಿಟಿಯವರೆಲ್ಲ. ಯಾರೂ ಕೂಗಲಿಲ್ಲ. ಕೊನೆಯ ಬಹುಮಾನದವರೆಗೂ ಒಂದು ಕುರ್ಚಿ ಖಾಲಿಯಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಾಗ ಫೈನಲ್ ಬಿ.ಕಾಂ., ಕಾಲೇಜಿನ ಕನ್ನಡ ಸಂಘದ ಅಧ್ಯಕ್ಷ. ಸಂಘದ ಕಾರ್ಯಕ್ರಮದ ಲಕ್ಕಿ ಡ್ರಾಗೆ ಮುಂಚೆ ಮಾತಾಡೋದು ಅಧ್ಯಕ್ಷರ ಕೆಲಸ. ಹಿಂದಿನ ವರ್ಷಗಳಲ್ಲಿ ಅಧ್ಯಕ್ಷರು ಡಬ್ಬದ ಪಕ್ಕ ನಿಂತು ಗಣ್ಯರ ಹೆಸರು ಓದಿ, ಸಂಘ ನಡೆದು ಬಂದ ದಾರಿ ಹೇಳಿ, ಹತ್ತಿಪ್ಪತ್ತು ನಿಮಿಷ ತಿನ್ನುತ್ತಿದ್ದರು. ಅಷ್ಟೊತ್ತಿಗೆ ಹಳ್ಳಿ ಕಡೆಯವರು ಬಸ್ಸಿಗೆ ಹೊರಟುಬಿಡುತ್ತಿದ್ದರು. ಒಂದು ಸಲವಂತೂ ಮೊದಲ ಬಹುಮಾನದ ನಂಬರ್ ಕೂಗಿದರೂ ಯಾರೂ ಬರಲಿಲ್ಲ. ಕುಕ್ಕರ್ ಕೊನೆಗೆ ಕಮಿಟಿಯ ಹುಡುಗನೊಬ್ಬನ ಮನೆ ಸೇರಿತು. ಆಮೇಲೆ ಎರಡು ವರ್ಷ "ಎಲ್ಲಾ ಫಿಕ್ಸು" ಅನ್ನುವ ಮಾತು ಕ್ಯಾಂಟೀನಿನಲ್ಲಿ ನಿಲ್ಲಲಿಲ್ಲ.

ನಮ್ಮ ವರ್ಷ ಇನ್ನೊಂದು ತಾಪತ್ರಯ. ಕೂಪನ್ ಮಾರುವ ಮಾತೆತ್ತಿದ ಕೂಡಲೇ ಪ್ರಿನ್ಸಿಪಾಲರು ಕೈ ಅಡ್ಡ ಹಿಡಿದರು. "ಕರ್ನಾಟಕದಲ್ಲಿ 2007ರಿಂದ ಲಾಟರಿ ಬಂದ್. ದುಡ್ಡು ತಗೊಂಡು ಚೀಟಿ ಕೊಟ್ರೆ ನಾಳೆ ಯಾರಾದ್ರೂ ಪ್ರಶ್ನೆ ಎತ್ತಿದಾಗ ಉತ್ತರ ಕೊಡೋನು ನಾನು" ಅಂದರು. ಸರಿ, ಮಾರೋದೇ ಬೇಡ, ಗೇಟಿನಲ್ಲಿ ಒಳಗೆ ಬಂದವರಿಗೆಲ್ಲ ಬಿಟ್ಟಿ ಕೂಪನ್ ಅಂದೆವು. ದುಡ್ಡಿಗೆ ಪೇಟೆ ಅಂಗಡಿಗಳನ್ನು ಸುತ್ತಿದೆವು. ಮಿಕ್ಸಿ ಒಂದು ಅಂಗಡಿಯವರದ್ದು, ಗೋಡೆ ಗಡಿಯಾರ ಇನ್ನೊಬ್ಬರದ್ದು. ಕುಕ್ಕರ್ ಮತ್ತು ಸಮಾಧಾನಕರ ಬಹುಮಾನದ ಸ್ಟೀಲ್ ಡಬ್ಬಗಳಿಗೆ ಸಂಘದಿಂದ ಎರಡು ಸಾವಿರದ ಆಸುಪಾಸು ಹೋಯಿತು. ಹಿಂದೆ ಪ್ರೆಸ್ಸಿನಲ್ಲಿ ಕೂಪನ್ ಹೊಡೆಸಲು ಸಾವಿರದೈನೂರು ಸುರಿಯುತ್ತಿದ್ದರು. ನಾವು ಆಫೀಸಿನ ನಂಬರಿಂಗ್ ಮಷಿನ್ ಎರವಲು ಪಡೆದು, ಬಿಳಿ ಹಾಳೆ ಕತ್ತರಿಸಿ, ಇನ್ನೂರು ಇನ್ನೂರೈವತ್ತರಲ್ಲಿ ಮುಗಿಸಿದೆವು. ಈ ಉಳಿತಾಯ ನನ್ನ ತಲೆಯಿಂದ ಬಂದದ್ದು, ಹೇಳಿಕೊಳ್ಳೋಕೆ ನಾಚಿಕೆ ಏನಿಲ್ಲ.

ಹೀಗೆ ಮಾಡುವವರು ಒಂದು ವಿಷಯ ನೋಡಿಕೊಳ್ಳಿ. ಚೀಟಿಯಲ್ಲಿ ನಂಬರ್ ಬಿಟ್ಟು ಬೇರೇನೂ ಇಲ್ಲದಿದ್ದರೆ 169 ತಲೆಕೆಳಗಾಗಿ 691 ಆಗುತ್ತದೆ. ಎರಡೂ ನಂಬರಿನವರು ಎದ್ದು ಬಂದರೆ ಸ್ಟೇಜಿನ ಮೇಲೆ ರಂಪ. ನಾವು ಪ್ರತಿ ನಂಬರಿನ ಕೆಳಗೂ ಗೆರೆ ಎಳೆದೆವು.

ಚೀಟಿ ಕಲಸುವುದನ್ನು ಹಾಸ್ಟೆಲ್ ರೂಮಿನಲ್ಲಿ ಸುಮ್ನೆ ಪರೀಕ್ಷೆ ಮಾಡಿದ್ದೆವು. ಮಡಿಸದ ಚೀಟಿಗಳು ಒಂದಕ್ಕೊಂದು ಅಂಟಿ ಕಟ್ಟು ಕಟ್ಟಾಗಿ ಕೂರುತ್ತವೆ. ಕೈ ಹಾಕಿದವರು ಮೇಲಿನದನ್ನೇ ಎತ್ತುತ್ತಾರೆ, ಅಂದರೆ ಕೊನೆಗೆ ಬಿದ್ದವು ಜಾಸ್ತಿ ಬರುತ್ತವೆ. ಸ್ಟ್ಯಾಟಿಸ್ಟಿಕ್ಸ್ ಮೇಡಂಗೆ ಹೇಳಿದಾಗ ನಕ್ಕರು. 1969ರಲ್ಲಿ ಅಮೆರಿಕದಲ್ಲಿ ಸೈನ್ಯಕ್ಕೆ ಸೇರಿಸಲು ಹುಟ್ಟಿದ ದಿನದ ಚೀಟಿ ಎತ್ತಿದಾಗಲೂ ಇದೇ ಕಥೆಯಂತೆ. ಸರಿಯಾಗಿ ಕಲಸದೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಸರದಿ ಬೇಗ ಬಂದುಬಿಟ್ಟಿತಂತೆ. ಎಲ್ಲ ಚೀಟಿಯನ್ನೂ ಒಂದೇ ಥರ ಎರಡು ಮಡಿಕೆ ಮಾಡಿ, ಬಾಯಿ ಕತ್ತರಿಸಿದ ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ಹಾಕಿದೆವು. ತಗಡಿನ ಡಬ್ಬ ಬೇಡವೇ ಬೇಡ. ಕ್ಯಾನಾದರೆ ಒಳಗಿನದು ಹಿಂದಿನ ಸಾಲಿಗೂ ಕಾಣುತ್ತದೆ.

ಈಗ ಭಾಷಣ. ಗಣ್ಯರ ಹೆಸರು ಬಿಟ್ಟೆ, ನಿರೂಪಕಿ ಆಗಲೇ ಮೂರು ಸಲ ಹೇಳಿದ್ದಳು. ಮೈಕ್ ಹಿಡಿದು ಅಂದದ್ದು ಇಷ್ಟು: "ಗೇಟಿನಲ್ಲಿ ಕೊಟ್ಟದ್ದು ಆರುನೂರ ಎಂಬತ್ತೆರಡು ಕೂಪನ್. ಈ ಕ್ಯಾನಿನಲ್ಲಿರೋದೂ ಅಷ್ಟೇ. ಉಳಿದ ಚೀಟಿ ಮೇಡಂ ಕೈಲಿರೋ ಕವರಿನಲ್ಲಿದೆ. ನಮ್ಮ ಕಮಿಟಿಯವರ ಒಂದು ಚೀಟಿಯೂ ಇದರಲ್ಲಿಲ್ಲ." ಕೊನೆಯ ಮಾತಿಗೆ ಹಿಂದಿನಿಂದ ಶಿಳ್ಳೆ ಬಂತು. ಗಲಾಟೆ ಮಾಡೋಕೆ ಅಂತಲೇ ಬಂದು ಕೂತಿದ್ದ ಗುಂಪು ಅದು! ಆಮೇಲೆ ನಿಯಮ: ನಂಬರ್ ಮೂರು ಸಲ ಕೂಗುತ್ತೇವೆ, ಗೇಟಿನಲ್ಲಿ ಹರಿದು ಕೊಟ್ಟ ಅರ್ಧ ಚೀಟಿ ತೋರಿಸಬೇಕು, ಬರದಿದ್ದರೆ ಇನ್ನೊಂದು ಎತ್ತುತ್ತೇವೆ. "ಕೊನೇ ಬಸ್ಸು ಎಂಟೂ ಕಾಲಿಗೆ, ಮಿಕ್ಸಿ ಎಂಟಕ್ಕೆ" ಅಂತಲೂ ಸೇರಿಸಿದೆ. ಎದ್ದು ನಿಂತಿದ್ದವರು ಕೂತರು. ಒಟ್ಟು ನಾಲ್ಕು ನಿಮಿಷ ಆಗಿರಬಹುದು.

ಲೆಕ್ಕ ಹೇಳುವಾಗ ಕ್ಯಾನನ್ನು ಇಬ್ಬರು ಹುಡುಗರು ಎತ್ತಿ ಉರುಳಿಸುತ್ತಿದ್ದರು. ಕಿವಿಗೆ ಲೆಕ್ಕ, ಕಣ್ಣಿಗೆ ಕ್ಯಾನು. ಬರೀ ಲೆಕ್ಕ ಓದಿದ್ದರೆ ಕಮಿಟಿಯವರು ಹೇಳಿದ ಹಾಗೇ ಆಗುತ್ತಿತ್ತು.

ಚೀಟಿ ಎತ್ತಿಸಿದ್ದು ಜವಾನರ ಮಗಳ ಕೈಲಿ, ಐದಾರು ವರ್ಷದ ಮಗು. ನಂಬರನ್ನು "ನಾಲ್ಕು, ಒಂದು, ಏಳು" ಅಂತ ಬಿಡಿಬಿಡಿಯಾಗಿ ಓದಿ ಬೋರ್ಡಿನ ಮೇಲೆ ಬರೆಸಿದೆ. ಗೊರಗುಟ್ಟುವ ಮೈಕಿನಲ್ಲಿ ಎಪ್ಪತ್ತು, ಎಂಬತ್ತು ಎರಡೂ ಒಂದೇ ಥರ ಕೇಳುತ್ತವೆ. ಸ್ಟೀಲ್ ಡಬ್ಬದಿಂದ ಶುರು, ಮಿಕ್ಸಿ ಕೊನೆಗೆ. ಕುಕ್ಕರ್ ಆದ ಮೇಲೆ, ಮಿಕ್ಸಿಗೆ ಮುಂಚೆ, ಜನರನ್ನು ಹಿಡಿದಿಡೋಕೆ ಇನ್ನೊಂದು ಮಾತು ಹೇಳಿದ್ದೆ. ಅದನ್ನು ಇಲ್ಲಿ ಬರೆಯಲ್ಲ, ನಮ್ಮ ಜೂನಿಯರ್‌ಗಳು ಈಗಲೂ ಬಳಸುತ್ತಾರೆ.

ಮಿಕ್ಸಿ ಬಂದದ್ದು ಫಸ್ಟ್ ಇಯರ್ ಹುಡುಗಿಯೊಬ್ಬಳ ಅಜ್ಜಿಗೆ. ಅರ್ಧ ಚೀಟಿಯನ್ನು ಎಲೆಅಡಿಕೆ ಚೀಲದಿಂದ ತೆಗೆಯುವಷ್ಟರಲ್ಲಿ ಮೂರನೇ ಕೂಗು ಆಗುವುದರಲ್ಲಿತ್ತು. ಮುಂದೆ ಮಾಡುವವರು ಎರಡನೇ ಕೂಗಿಗೂ ಮೂರನೆಯದಕ್ಕೂ ನಡುವೆ ಅರ್ಧ ನಿಮಿಷವಾದರೂ ಬಿಡಿ.