ಟಾರ್ಚ್ ಬೆಳಕಲ್ಲಿ ಬಚ್ಚಲ ಟೈಲ್ಸ್ ಆರಿಸಿದ್ದು

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಬದಲಿಸಬೇಕಾಗಿತ್ತು. ಅಮ್ಮನಿಗೆ 72 ವರ್ಷ. ಸೋಪಿನ ನೀರು ಬಿದ್ದರೆ ಹಳೇ ನೆಲ ಜಾರುತ್ತಿತ್ತು. ಅಂಗಡಿಯ ಹುಡುಗ ವಾಟ್ಸಾಪಿನಲ್ಲಿ ನಾಲ್ಕು ಫೋಟೋ ಕಳಿಸಿದ. ಒಂದರಲ್ಲಿ ಟ್ಯೂಬ್‌ಲೈಟಿನ ಗೆರೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಅಷ್ಟು ನುಣುಪಾದದ್ದು ಗೋಡೆಗೆ ಸರಿ, ನೆಲಕ್ಕೆ ಬೇಡ ಎಂದು ಅದನ್ನು ಆಗಲೇ ಬಿಟ್ಟೆ.

ಉಳಿದ ಮೂರೂ ನೋಡಲು ಒರಟಾಗಿದ್ದವು. ಆದರೆ ಈಗ ಕಲ್ಲಿನ ತರಿಯನ್ನೂ ಟೈಲ್ ಮೇಲೆ ಪ್ರಿಂಟ್ ಮಾಡುತ್ತಾರೆ. ಮೇಲಿಂದ ನೇರವಾಗಿ ತೆಗೆದ ಫೋಟೋದಲ್ಲಿ ಅದು ಗೊತ್ತಾಗೋದಿಲ್ಲ. ಹಾಗಾಗಿ ಹುಡುಗನಿಗೆ ಹೇಳಿದೆ: "ಟೈಲ್ಸ್ ನೆಲಕ್ಕಿಡಪ್ಪ. ಪಕ್ಕದಲ್ಲಿ ಟಾರ್ಚ್ ಮಲಗಿಸಿ ಒಂದು ಫೋಟೋ ತೆಗಿ. ಆಮೇಲೆ ಟಾರ್ಚನ್ನು ಎದುರು ಪಕ್ಕಕ್ಕೆ ಇಟ್ಟು ಇನ್ನೊಂದು ತೆಗಿ." ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನಿಜವಾದ ಉಬ್ಬುತಗ್ಗು ಇದ್ದರೆ ಟಾರ್ಚ್ ಪಕ್ಕ ಬದಲಾದಂತೆ ನೆರಳೂ ಪಕ್ಕ ಬದಲಿಸುತ್ತದೆ. ಒಂದು ಬೂದು ಟೈಲಿನಲ್ಲಿ ಕಪ್ಪು ಚುಕ್ಕೆಗಳು ಇದ್ದಲ್ಲೇ ಇದ್ದವು. ಅದು ಬರೀ ಬಣ್ಣ.

ಆಮೇಲೆ ಉಳಿದದ್ದು ಎರಡು: ಸಣ್ಣ ಮರಳಿನಂಥ ತರಿಯದ್ದು, ಬೆಣಚುಕಲ್ಲು ಜೋಡಿಸಿದಂತೆ ಉಬ್ಬಿದ್ದು. ಫೋಟೋ ಕೆಲಸ ಅಲ್ಲಿಗೆ ಮುಗಿಯಿತು. ಕಾಲಿಗೆ ಹಿಡಿತ ಎಷ್ಟು ಎಂದು ಫೋಟೋ ಹೇಳೋದಿಲ್ಲ. ಪೆಟ್ಟಿಗೆ ಮೇಲೆ R10, R11 ಅಂತ ಇರುತ್ತೆ, ನಂಬರ್ ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ. ಆದರೆ ಆ ಪರೀಕ್ಷೆ ಶೂ ಹಾಕಿಕೊಂಡು ಮಾಡುವುದು. ಅದಕ್ಕೇ ಎರಡರ ಒಂದೊಂದು ಪೀಸ್ ಮನೆಗೆ ತಂದೆ. ಸೋಪಿನ ನೀರು ಹಾಕಿ, ಗೋಡೆ ಹಿಡಿದುಕೊಂಡು, ಬರಿಗಾಲನ್ನು ಮೆಲ್ಲಗೆ ಉಜ್ಜಿ ನೋಡಿದೆ. ಎರಡೂ ಹಿಡಿದವು.

ವ್ಯತ್ಯಾಸ ಕಂಡಿದ್ದು ತೊಳೆಯುವಾಗ. ಎರಡಕ್ಕೂ ಕೊಬ್ಬರಿಎಣ್ಣೆ, ಸೋಪಿನ ನೊರೆ ಸವರಿ ರಾತ್ರಿಯೆಲ್ಲ ಬಿಟ್ಟೆ. ನಮ್ಮದು ಬೋರ್ ನೀರು, ಗಡಸು. ಬೆಳಿಗ್ಗೆ ಮರಳು ತರಿಯದ್ದು ಬ್ರಷ್‌ನಲ್ಲಿ ಹತ್ತು ಸಲ ಉಜ್ಜಿದ್ದಕ್ಕೆ ಬಿಟ್ಟುಕೊಟ್ಟಿತು. ಬೆಣಚಿನದರ ತಗ್ಗುಗಳಲ್ಲಿ ಬಿಳಿ ಪೊರೆ ಹಾಗೇ ಕೂತಿತ್ತು. ದಿನಾ ಅಮ್ಮ ಬಗ್ಗಿ ಉಜ್ಜೋಕಾಗುತ್ತಾ?

ಕೊನೆಗೆ ಅಳತೆ. ಬಚ್ಚಲು ಎಂಟಡಿಗೆ ಐದಡಿ. ಒಂದಡಿ ಟೈಲ್ಸ್ ಹಾಕಿದರೆ ನಡುವಿನ ಜಾಯಿಂಟ್ ಒಟ್ಟು 67 ಅಡಿ, ಎರಡಡಿಯದಾದರೆ 31. ಜಾಯಿಂಟ್ ಕಮ್ಮಿ ಇದ್ದಷ್ಟೂ ಕೊಳೆ ಕೂರುವ ಜಾಗ ಕಮ್ಮಿ. ಆದರೂ ಒಂದಡಿಯದನ್ನೇ ತಗೊಂಡೆ. ದೊಡ್ಡ ಟೈಲನ್ನು ಜಾಲರಿ ಕಡೆಗೆ ಇಳಿಜಾರು ಕೊಡಬೇಕಾದರೆ ಓರೆಯಾಗಿ ಕತ್ತರಿಸಬೇಕು. ಇಲ್ಲದಿದ್ದರೆ ಮೂಲೆಯಲ್ಲಿ ನೀರು ನಿಲ್ಲುತ್ತದೆ ಎಂದರು ಮೇಸ್ತ್ರಿ. ಜಾಯಿಂಟಿಗೆ ಅವರು ಬಿಳಿ ಸಿಮೆಂಟ್ ತುಂಬಲು ಹೊರಟಿದ್ದರು. ನಾನು ಬೂದು ಬಣ್ಣದ ಎಪಾಕ್ಸಿ ಗ್ರೌಟ್ ತರಿಸಿದೆ. ಅದು ನೀರು ಹೀರುವುದಿಲ್ಲ. ಮೇಲೆ ಉಳಿದ ಪೊರೆಯನ್ನು ಮಾತ್ರ ಒಣಗುವ ಮೊದಲೇ ಒರೆಸಬೇಕು. ಒರಟು ಟೈಲಿನಲ್ಲಿ ಅದು ಗಟ್ಟಿಯಾದರೆ ಬಿಡಿಸುವುದು ಬಹಳ ಕಷ್ಟ. ಅದಕ್ಕೇ ಒಂದು ಸಾಲು ತುಂಬಿದ ಕೂಡಲೇ ನಾನೇ ಒದ್ದೆ ಸ್ಪಂಜು ಹಿಡಿದು ಮೇಸ್ತ್ರಿ ಹಿಂದೆ ಕೂತೆ.