ಕಡು ಕಂದು ಕಣ್ಣನ್ನು ಜೇನು ಬಣ್ಣ ಮಾಡುವಾಗ

ಮೊನ್ನೆ ಕಲಬುರಗಿಯ ನಮ್ಮ ಸ್ಟುಡಿಯೋದಲ್ಲಿ ಒಬ್ಬ ಮದುಮಗಳು ಕ್ಲೋಸಪ್‌ಗೆ ಜೇನು ಬಣ್ಣದ ಕಣ್ಣು ಕೇಳಿದಳು. ಫೋಟೋಶಾಪ್‌ನ `Color` ಮೋಡ್‌ನಲ್ಲಿ ಸುಮ್ನೆ ಬಣ್ಣ ಬಳಿದೆ. ಏನೂ ಕಾಣಲಿಲ್ಲ. ಆ ಮೋಡ್ ಬಣ್ಣ ಬದಲಿಸುತ್ತದೆ, ಕತ್ತಲನ್ನು ಹಾಗೇ ಬಿಡುತ್ತದೆ. ನಮ್ಮವರ ಕಣ್ಣು ಕಡು ಕಂದು ಅಲ್ವಾ?

ಹಾಗಾಗಿ ಮೊದಲು `Curves` ಲೇಯರ್‌ನಿಂದ ಐರಿಸ್ ಬೆಳಗಿಸಿ. ಪಾಪೆಯಿಂದ ಹೊರಟ ಎಳೆಗಳು ಕಾಣತೊಡಗಿದರೆ ಸಾಕು, ಜಾಸ್ತಿ ಎತ್ತಿದರೆ ಕಾಳುಕಾಳಾಗುತ್ತದೆ. ಅದರ ಮೇಲೆ `Color` ಲೇಯರ್ ಇಡಿ. ಎರಡರ ಮಾಸ್ಕ್‌ನಲ್ಲೂ ಪಾಪೆ, ಹೊರಗಿನ ಕಪ್ಪು ಉಂಗುರ, ಬೆಳಕಿನ ಚುಕ್ಕಿ ಮೂರನ್ನೂ ಬಿಡಿ. ಉಂಗುರದ ಹತ್ತಿರ ಬಣ್ಣ ಮೆಲ್ಲಗೆ ಕರಗಬೇಕು. ಗೆರೆ ಕೊರೆದಂತೆ ನಿಂತರೆ ಲೆನ್ಸ್ ಹಾಕಿದ ಹಾಗೆ ಕಾಣುತ್ತದೆ. ಚುಕ್ಕಿ ಬಿಡಲು ಮರೆತು, ಕಿಟಕಿಯ ಬಿಳಿ ಬೆಳಕನ್ನೇ ನಾನು ಒಮ್ಮೆ ಹಳದಿ ಮಾಡಿದ್ದೆ!